ಚಿತ್ರದ ಸಹಿ, ಟೋಕನ್ನಿನ ಸಹಿ, ಒಟಿಪಿ ಸಹಿ

ತೆರಿಗೆ ಕೆಲಸದ ಕಚೇರಿಯಲ್ಲಿ ಕೂತವರಿಗೆ ದಿನಕ್ಕೆ ನಾಲ್ಕಾರು ಸಲ ಒಂದೇ ಮೆಸೇಜು ಬರುತ್ತದೆ: "ಸಹಿ ಮಾಡಿ ಕಳಿಸಿದೀನಿ ಸಾರ್, ನೋಡಿ." ತೆರೆದು ನೋಡಿದರೆ ಸಹಿಯೇನೋ ಇರುತ್ತದೆ. ಆದರೆ ಅದು ಯಾವ ಬಗೆಯದು ಎಂದು ಕಣ್ಣಿಂದ ನೋಡಿ ಹೇಳಲಾಗದು. ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಗೀಚಿ, ಫೋಟೋ ತೆಗೆದು ವರ್ಡ್ ಫೈಲಿಗೆ ಅಂಟಿಸಿದ್ದಿರಬಹುದು. ಯುಎಸ್‌ಬಿ ಟೋಕನ್ ಚುಚ್ಚಿ ಹಾಕಿದ್ದಿರಬಹುದು. ಆಧಾರ್ ಒಟಿಪಿ ಕೊಟ್ಟು ಮೊಬೈಲಿನಲ್ಲೇ ಮುಗಿಸಿದ್ದಿರಬಹುದು. ಪುಟದ ಮೇಲೆ ಕಾಣುವುದು ಮೂರರಲ್ಲೂ ಒಂದು ಚಿತ್ರವಷ್ಟೇ.

ಒಂದು ಬಾಡಿಗೆ ಕರಾರನ್ನೇ ತೆಗೆದುಕೊಳ್ಳೋಣ. ಹನ್ನೊಂದು ತಿಂಗಳ ಅವಧಿ, ತಿಂಗಳಿಗೆ 18,000 ರೂಪಾಯಿ. ಸ್ಕ್ಯಾನ್ ಮಾಡಿದ ಸಹಿ ಅಂಟಿಸಿದ ಪಿಡಿಎಫ್‌ನಲ್ಲಿ ಯಾರಾದರೂ 18,000ವನ್ನು 28,000 ಮಾಡಿದರೆ ಸಹಿಗೆ ಏನೂ ಆಗುವುದಿಲ್ಲ, ಅದು ಇದ್ದಲ್ಲೇ ಇರುತ್ತದೆ. ಟೋಕನ್ನಿನಲ್ಲೋ ಒಟಿಪಿಯಲ್ಲೋ ಸಹಿಯಾದ ಫೈಲಿನಲ್ಲಿ ಅದೇ ಒಂದು ಅಂಕಿ ಬದಲಾಯಿಸಿ ಅಡೋಬಿ ರೀಡರಿನಲ್ಲಿ ತೆರೆದರೆ, ಮೇಲ್ಗಡೆ `At least one signature is invalid.` ಎಂದು ಬರುತ್ತದೆ. ಸಹಿಯನ್ನು ಲೆಕ್ಕ ಹಾಕಿದ್ದೇ ಆ ಅಂಕಿಯನ್ನೂ ಸೇರಿಸಿಕೊಂಡು ಎಂಬುದು ಇದಕ್ಕೆ ಕಾರಣ. ಫೈಲಿನ ಇಡೀ ಹೂರಣದಿಂದ ಹ್ಯಾಶ್ ಎಂಬ ಒಂದು ಗುರುತು ಹುಟ್ಟುತ್ತದೆ. ಫೈಲು ಎಷ್ಟೇ ದೊಡ್ಡದಿರಲಿ, ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಅದನ್ನು ಬರೆಯುವುದು 64 ಅಕ್ಷರಗಳಲ್ಲಿ. ಸಹಿ ಮಾಡುವವರ ಹತ್ತಿರ ಮಾತ್ರ ಇರುವ ಖಾಸಗಿ ಕೀಲಿ ಎಂಬ ಗುಟ್ಟಿನ ಸಂಖ್ಯೆಯನ್ನು ಅದಕ್ಕೆ ಹಾಕಿದಾಗ ಹುಟ್ಟುವುದೇ ಡಿಜಿಟಲ್ ಸಹಿ. ಎಲ್ಲರಿಗೂ ಸಿಗುವ ಅದರ ಜೋಡಿ ಸಾರ್ವಜನಿಕ ಕೀಲಿಯಿಂದ ಅದನ್ನು ತಾಳೆ ನೋಡಬಹುದು, ಆದರೆ ಹೊಸದಾಗಿ ಹುಟ್ಟಿಸಲಾಗದು.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದಾಗ ಕಾನೂನು ಒಪ್ಪಿದ್ದು ಇದೊಂದನ್ನೇ. 3ನೇ ಕಲಂ ಜೋಡಿ ಕೀಲಿ ಮತ್ತು ಹ್ಯಾಶ್ ಎಂಬ ತಂತ್ರವನ್ನೇ ಹೆಸರಿಸಿತು. ಕಾನೂನು ಎಲ್ಲೆಲ್ಲಿ ಸಹಿ ಬೇಕೆನ್ನುತ್ತದೋ ಅಲ್ಲೆಲ್ಲ ಈ ಬಗೆಯ ಸಹಿ ಸಾಕು ಎಂದು 5ನೇ ಕಲಂ ಹೇಳಿತು. ಯಾರ ಕೀಲಿ ಯಾರದೆಂದು ಖಾತರಿ ಕೊಡಲು ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಬಂದವು, ಅವುಗಳಿಗೆ ಪರವಾನಗಿ ಕೊಡಲು ಕೇಂದ್ರದಲ್ಲಿ ಸಿಸಿಎ ಎಂಬ ನಿಯಂತ್ರಕರ ಕಚೇರಿ ಬಂತು. ಬೆಂಗಳೂರಿನ ಇಮುದ್ರಾ ಅಂಥ ಪರವಾನಗಿ ಪಡೆದ ಸಂಸ್ಥೆಗಳಲ್ಲೊಂದು.

ಜನರ ಕೈಗೆ ಟೋಕನ್ ಬಂದದ್ದು ಕಾಯ್ದೆ ಓದಿ ಅಲ್ಲ, ಬೇರೆ ದಾರಿಯಿಲ್ಲದೆ. 2006ರಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ-21 ಎಂಬ ಆನ್‌ಲೈನ್ ವ್ಯವಸ್ಥೆ ಶುರುವಾಗಿ, ಫಾರಂಗಳಿಗೆ ಸಹಿ ಹಾಕುವ ಕಂಪನಿ ನಿರ್ದೇಶಕರು ಡಿಜಿಟಲ್ ಸಹಿಯ ಪ್ರಮಾಣಪತ್ರ ಪಡೆಯಬೇಕಾಯಿತು, ಅದರ ಜೊತೆ ಪೆನ್‌ಡ್ರೈವ್ ತರಹದ ಈ ತುಂಡೂ ಬಂತು. ಪೆನ್‌ಡ್ರೈವ್ ತರಹ ಕಂಡರೂ ಇದರೊಳಗೆ ಕೀಲಿ ಹುಟ್ಟುವ ಚಿಪ್ ಇದೆ, ಆ ಕೀಲಿ ಅಲ್ಲಿಂದ ಆಚೆ ಬರುವುದಿಲ್ಲ. ಕಾಪಿ ಮಾಡಿಡಲು ಆಗದಿರುವುದೇ ಇದರ ಗುಣ. ತಪ್ಪು ಪಿನ್ ಕೆಲವು ಸಲ ಒತ್ತಿದರೆ ಟೋಕನ್ ಲಾಕ್ ಆಗುತ್ತದೆ. ಅಂಗಡಿಯ ಹುಡುಗ "ಫಾರ್ಮ್ಯಾಟ್ ಮಾಡಿಕೊಡ್ತೀನಿ" ಎಂದು ಇನಿಷಿಯಲೈಸ್ ಮಾಡಿದರೆ ಟೋಕನ್ ಸರಿಹೋಗುತ್ತದೆ, ಒಳಗಿದ್ದ ಪ್ರಮಾಣಪತ್ರ ಹೋಗುತ್ತದೆ, ಮತ್ತೆ ದುಡ್ಡು ಕೊಟ್ಟು ಹೊಸದು ಮಾಡಿಸಬೇಕು. ಮೊದಲು ಪ್ರಮಾಣಪತ್ರಗಳಲ್ಲಿ ಕ್ಲಾಸ್ 2, ಕ್ಲಾಸ್ 3 ಎಂಬ ದರ್ಜೆಗಳಿದ್ದವು. 2021ರ ಜನವರಿಯಿಂದ ಕ್ಲಾಸ್ 2 ಕೊಡುವುದು ನಿಂತು, ಈ ಕೆಲಸಗಳಿಗೆ ಈಗ ಕ್ಲಾಸ್ 3 ಮಾತ್ರ.

ಟೋಕನ್ನಿನ ನಿಜವಾದ ದೌರ್ಬಲ್ಯ ಚಿಪ್ಪಿನಲ್ಲಿಲ್ಲ. ಬಹುತೇಕ ಲೆಕ್ಕಪತ್ರದ ಕಚೇರಿಗಳಲ್ಲಿ ಒಂದು ಡಬ್ಬಿ ಇರುತ್ತದೆ. ಅದರಲ್ಲಿ ಹತ್ತಾರು ಗಿರಾಕಿಗಳ ಟೋಕನ್ನುಗಳು, ಪ್ರತಿಯೊಂದಕ್ಕೂ ಬಿಳಿ ಟೇಪು, ಟೇಪಿನ ಮೇಲೆ ಬಾಲ್‌ಪೆನ್ನಿನಲ್ಲಿ ಹೆಸರು, ಪಕ್ಕದಲ್ಲೇ ಪಿನ್. ನಾನು ಕೆಲಸ ಕಲಿತ ಕಚೇರಿಯಲ್ಲೂ ಅಂಥದ್ದೊಂದಿತ್ತು, ಬಿಸ್ಕತ್ತಿನ ಡಬ್ಬಿ. ಕಾಯ್ದೆಯ 42ನೇ ಕಲಂ ಪ್ರಕಾರ ಖಾಸಗಿ ಕೀಲಿ ತನ್ನ ಹತೋಟಿಯಲ್ಲೇ ಇರುವಂತೆ ನೋಡಿಕೊಳ್ಳುವುದು ಪ್ರಮಾಣಪತ್ರದಾರನ ಹೊಣೆ. ಕೀಲಿ ಬೇರೆಯವರ ಕೈಸೇರಿದರೆ ಕೂಡಲೇ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸಬೇಕು, ತಿಳಿಸುವವರೆಗೆ ಬಿದ್ದ ಸಹಿಗಳಿಗೆ ಅವನೇ ಹೊಣೆ. "ನಾನು ಹಾಕಿದ್ದಲ್ಲ, ಆಡಿಟರ್ ಹತ್ರ ಇತ್ತು" ಎಂಬ ಮಾತು ಈ ಕಲಮಿನ ಮುಂದೆ ನಿಲ್ಲುವುದು ಕಷ್ಟ.

ಎಲ್ಲರೂ ಟೋಕನ್ ಕೊಳ್ಳುವುದಿಲ್ಲ ಎಂಬುದು ಬೇಗನೆ ಗೊತ್ತಾಯಿತು. ಇದಕ್ಕೆ ಬೆಂಗಳೂರಿನ ಒಂದು ವಿಳಾಸವೇ ಸಾಕ್ಷಿ: ಆದಾಯ ತೆರಿಗೆ ಇಲಾಖೆ ರಿಟರ್ನ್ಸ್ ಪರಿಶೀಲಿಸುವ ಕೇಂದ್ರವಾದ ಸಿಪಿಸಿ, ಪಿನ್ 560500. ಟೋಕನ್ ಇಲ್ಲದವರು ರಿಟರ್ನ್ಸ್ ಆನ್‌ಲೈನಿನಲ್ಲಿ ತುಂಬಿದ ಮೇಲೆ ಐಟಿಆರ್-ವಿ ಎಂಬ ಒಂದು ಹಾಳೆ ಮುದ್ರಿಸಿ, ಶಾಯಿಯಲ್ಲಿ ಸಹಿ ಮಾಡಿ, ಅಂಚೆಗೆ ಹಾಕಬೇಕಿತ್ತು. ಸಹಿಯ ಜೆರಾಕ್ಸ್ ನಡೆಯುತ್ತಿರಲಿಲ್ಲ. ಇಡೀ ದೇಶದ ಹಾಳೆಗಳು ಈ ಒಂದು ಊರಿಗೆ ಬರುತ್ತಿದ್ದವು.

2008ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 2009ರ ಅಕ್ಟೋಬರಿನಿಂದ 3ಎ ಕಲಂ ಜಾರಿಗೆ ಬಂತು. ಡಿಜಿಟಲ್ ಸಹಿ ಎಂಬ ಒಂದೇ ತಂತ್ರದ ಬದಲು 'ಎಲೆಕ್ಟ್ರಾನಿಕ್ ಸಹಿ' ಎಂಬ ಅಗಲವಾದ ಪದ ಬಂತು. ಯಾವ್ಯಾವ ವಿಧಾನ ನಡೆಯುತ್ತದೆ ಎಂಬುದನ್ನು ಎರಡನೇ ಅನುಸೂಚಿಯಲ್ಲಿ ಸೇರಿಸುತ್ತ ಹೋಗಬಹುದು ಎಂದಾಯಿತು. ಆಧಾರ್ ಆಧಾರಿತ ಇ-ಸೈನ್ ಆ ಪಟ್ಟಿಗೆ ಸೇರಿದ್ದು 2015ರ ಜನವರಿಯಲ್ಲಿ.

ಮೊಬೈಲಿನಲ್ಲಿ ಒಟಿಪಿ ಒತ್ತಿದಾಗ ಹಿಂದೆ ನಡೆಯುವುದು ಇಷ್ಟು. ಕರಾರಿನ ಫೈಲು ಇ-ಸೈನ್ ಸೇವೆಗೆ ಹೋಗುವುದಿಲ್ಲ, ಅದರ ಹ್ಯಾಶ್ ಮಾತ್ರ ಹೋಗುತ್ತದೆ. ಒಟಿಪಿ ತಾಳೆಯಾದ ಕೂಡಲೇ ಅಲ್ಲಿನ ಭದ್ರ ಯಂತ್ರದೊಳಗೆ ನಿಮ್ಮ ಹೆಸರಿನಲ್ಲಿ ಒಂದು ಜೋಡಿ ಕೀಲಿ ಹುಟ್ಟುತ್ತದೆ. ಅದಕ್ಕೆ 30 ನಿಮಿಷ ಬಾಳುವ ಪ್ರಮಾಣಪತ್ರ ಸಿಗುತ್ತದೆ, ಹ್ಯಾಶಿಗೆ ಸಹಿ ಬೀಳುತ್ತದೆ, ಖಾಸಗಿ ಕೀಲಿಯನ್ನು ಅಲ್ಲೇ ಅಳಿಸಲಾಗುತ್ತದೆ. ಅಂದರೆ ಟೋಕನ್ನಿನದೇ ಲೆಕ್ಕ, ಬಾಡಿಗೆ ಯಂತ್ರದಲ್ಲಿ, ಒಂದು ಸಲಕ್ಕೆ. ಆರು ತಿಂಗಳ ಮೇಲೆ ಫೈಲು ತೆರೆದು "ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿದೆಯಲ್ಲ" ಎಂದು ಗಾಬರಿ ಬೀಳುವವರಿದ್ದಾರೆ. ನೋಡಬೇಕಾದ್ದು ಸಹಿ ಬಿದ್ದ ಹೊತ್ತಿಗೆ ಅದು ಊರ್ಜಿತವಾಗಿತ್ತೇ ಎಂಬುದನ್ನು.

ಇದರ ಮಿತಿ ಸಿಮ್‌ನಲ್ಲಿದೆ. ಆಧಾರಿಗೆ ಜೋಡಿಸಿದ ನಂಬರು ಚಾಲೂ ಇರಬೇಕು. ಹೊರದೇಶದಲ್ಲಿದ್ದು ಊರಿನ ಸಿಮ್ಮಿಗೆ ರೋಮಿಂಗ್ ಇಲ್ಲದವರಿಗೆ ಒಟಿಪಿಯ ಎಸ್‌ಎಂಎಸ್ಸೇ ಬರುವುದಿಲ್ಲ. ಹಾಗೆಯೇ ಫೋನಿನಲ್ಲಿ ಒಟಿಪಿ ಓದಿ ಹೇಳಿದರೆ ಸಹಿಯನ್ನೇ ಕೊಟ್ಟಂತೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಆದಾಯ ತೆರಿಗೆ ರಿಟರ್ನ್ಸನ್ನು ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡುವುದು ಇ-ಸೈನ್ ಅಲ್ಲ. ಅದು ತೆರಿಗೆ ನಿಯಮಗಳಡಿ ಆ ಇಲಾಖೆ ತನಗಾಗಿ ಒಪ್ಪಿಕೊಂಡ ದೃಢೀಕರಣ, ಅದರಿಂದ ಯಾವ ಪಿಡಿಎಫ್‌ಗೂ ಸಹಿ ಬೀಳುವುದಿಲ್ಲ. ಒಟಿಪಿ ಒಂದೇ ತರಹ ಕಂಡರೂ ಹಿಂದಿನ ಕಾನೂನು ಬೇರೆ.

ಹಾಗಾದರೆ ಸ್ಕ್ಯಾನ್ ಸಹಿ ಎಲ್ಲಿ ನಿಲ್ಲುತ್ತದೆ? ಅದು ಎರಡನೇ ಅನುಸೂಚಿಯಲ್ಲಿಲ್ಲ, ಆದ್ದರಿಂದ ಕಾಯ್ದೆಯ ಅರ್ಥದಲ್ಲಿ ಎಲೆಕ್ಟ್ರಾನಿಕ್ ಸಹಿಯೇ ಅಲ್ಲ. ಆದರೆ ಬರೀ ಕಸವೂ ಅಲ್ಲ. ಬಹಳಷ್ಟು ಕರಾರುಗಳಿಗೆ ಸಹಿ ಇರಲೇಬೇಕೆಂದು ಕಾನೂನು ಕೇಳುವುದಿಲ್ಲ, ಇಬ್ಬರೂ ಒಪ್ಪಿದ್ದು ರುಜುವಾದರೆ ಸಾಕು. ವಿದ್ಯುನ್ಮಾನ ರೂಪದಲ್ಲಾಯಿತು ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ ಎಂದು 10ಎ ಕಲಂ ಹೇಳುತ್ತದೆ. ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಬಾಕ್ಸೈಟ್ ವ್ಯಾಜ್ಯದಲ್ಲಿ ಔಪಚಾರಿಕ ಒಪ್ಪಂದಕ್ಕೆ ಸಹಿಯೇ ಬಿದ್ದಿರಲಿಲ್ಲ. 2007ರ ಇಮೇಲುಗಳಲ್ಲಿ ಪ್ರಸ್ತಾವವೂ ಒಪ್ಪಿಗೆಯೂ ಇದ್ದವು, ಕರಾರು ಆಗಿದೆ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಸ್ಕ್ಯಾನ್ ಸಹಿಯ ಬೆಲೆಯೂ ಇಂಥದ್ದೇ. ಸಹಿಗಿಂತ ಅದರ ಜೊತೆ ಬಂದ ಇಮೇಲು, ಆಮೇಲೆ ಕಟ್ಟಿದ ಬಾಡಿಗೆ ಹೆಚ್ಚು ಮಾತಾಡುತ್ತವೆ.

ವ್ಯತ್ಯಾಸ ಬರುವುದು ತಕರಾರು ಎದ್ದಾಗ. ಕಾಯ್ದೆ 'ಭದ್ರ' ಎಂದು ಒಪ್ಪುವ ಎಲೆಕ್ಟ್ರಾನಿಕ್ ಸಹಿ ಇದ್ದರೆ, ಅದನ್ನು ಪ್ರಮಾಣಪತ್ರದಾರನೇ ಒಪ್ಪಿ ಹಾಕಿದ್ದಾನೆ ಎಂದು ಕೋರ್ಟ್ ಮೊದಲು ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಭಾರ ಅವನದು. ಸ್ಕ್ಯಾನ್ ಸಹಿಯಲ್ಲಿ ಭಾರ ತಿರುಗಾಮುರುಗಾ, ಹಾಜರುಪಡಿಸಿದವನೇ ರುಜುವಾತು ಮಾಡಬೇಕು.

ಕಂಪನಿಗಳ ಬಹುತೇಕ ಎಂಸಿಎ ಫಾರಂ, ಕಂಪನಿಗಳ ಜಿಎಸ್‌ಟಿ ನೋಂದಣಿ, ಇ-ಟೆಂಡರು ಇವಕ್ಕೆ ಇವತ್ತಿಗೂ ಟೋಕನ್ನೇ. ಡಿಮ್ಯಾಟ್ ಖಾತೆ, ಪಾನ್ ಅರ್ಜಿ, ಬ್ಯಾಂಕಿನ ಸಾಲಪತ್ರಗಳಲ್ಲಿ ಇ-ಸೈನ್ ನಡೆಯುತ್ತದೆ. ಎಂಸಿಎ ಫಾರಂಗೆ ಲಗತ್ತಿಸುವ ಕಾಗದಗಳಲ್ಲಿ ಮಾತ್ರ ಸ್ಕ್ಯಾನ್ ಸಹಿ ಸಲೀಸಾಗಿ ಸಾಗುತ್ತದೆ, ಏಕೆಂದರೆ ಫಾರಂಗೆ ಟೋಕನ್ನಿನ ಸಹಿ ಹಾಕಿದವರು ಲಗತ್ತುಗಳಿಗೂ ಹೊಣೆ ಹೊತ್ತಿರುತ್ತಾರೆ.

ಕಾಯ್ದೆಯ ಮೊದಲನೇ ಅನುಸೂಚಿ ಯಾವ ಬಗೆಯ ಎಲೆಕ್ಟ್ರಾನಿಕ್ ಸಹಿಯೂ ನಡೆಯದ ಕಾಗದಗಳ ಪಟ್ಟಿ. ಉಯಿಲು, ಟ್ರಸ್ಟ್ ಪತ್ರ, ಸಾಮಾನ್ಯ ಮುಖ್ತ್ಯಾರನಾಮೆ ಇನ್ನೂ ಅದರಲ್ಲಿವೆ. 2022ರಲ್ಲಿ ಪಟ್ಟಿ ಸ್ವಲ್ಪ ಸಡಿಲವಾಯಿತು: ರಿಸರ್ವ್ ಬ್ಯಾಂಕ್, ಸೆಬಿ ಮೊದಲಾದ ನಿಯಂತ್ರಕರ ಕೆಳಗಿನ ಸಂಸ್ಥೆಗಳಿಗೆ ಬರೆದುಕೊಡುವ ಮುಖ್ತ್ಯಾರನಾಮೆ ಮತ್ತು ಬೇಡಿಕೆ ಪ್ರಾಮಿಸರಿ ನೋಟು ಹೊರಬಂದವು, ಸ್ಥಿರಾಸ್ತಿ ಮಾರಾಟದ ಕರಾರನ್ನೂ ಕೈಬಿಟ್ಟರು. ಹಾಗೆಂದು ಕ್ರಯಪತ್ರದ ನೋಂದಣಿ ತಪ್ಪಲಿಲ್ಲ. ಬಾಡಿಗೆ ಕರಾರಿಗೂ ಸಹಿ ಯಾವುದೇ ಇರಲಿ, ಮುದ್ರಾಂಕ ಶುಲ್ಕ ಬೇರೆಯಾಗಿ ಕಟ್ಟಬೇಕು.

ನಾನು ಹೆಚ್ಚಾಗಿ ನೋಡುವ ಎಡವಟ್ಟು ಇವೆಲ್ಲಕ್ಕಿಂತ ಸಣ್ಣದು. ಗಿರಾಕಿಯೊಬ್ಬರು ಟೆಂಡರಿಗೆಂದು ಟೋಕನ್ನಿನಲ್ಲಿ ಸಹಿ ಮಾಡಿದ ಐದು ಪಿಡಿಎಫ್‌ಗಳನ್ನು ಅಪ್‌ಲೋಡ್ ಮಾಡುವ ಮುಂಚೆ ಒಂದೇ ಫೈಲಾಗಲಿ ಎಂದು 'ಪ್ರಿಂಟ್ ಟು ಪಿಡಿಎಫ್' ಮಾಡಿಬಿಟ್ಟಿದ್ದರು. ಪುಟದ ಮೇಲೆ ಅವರ ಹೆಸರು, ತಾರೀಖು, ಹಸಿರು ಟಿಕ್ ಎಲ್ಲ ಹಾಗೇ ಇತ್ತು. ಸಹಿ ಇಲ್ಲವೆಂದು ವಾಪಸ್ ಬಂತು. "ಕಣ್ಣಿಗೆ ಕಾಣಿಸ್ತಾ ಇದೆಯಲ್ರೀ?" ಎಂದು ಅವರ ಸಿಟ್ಟು. ಲಿನಕ್ಸ್ ಕಂಪ್ಯೂಟರಿನಲ್ಲಿ ತೋರಿಸಿದೆ:

```
$ pdfsig tender.pdf
File 'tender.pdf' does not contain any signatures
```

ಟೋಕನ್ನಿನ ಸಹಿಯನ್ನು ಅವರೇ ಸ್ಕ್ಯಾನ್ ಸಹಿಯ ಮಟ್ಟಕ್ಕೆ ಇಳಿಸಿದ್ದರು. ಪ್ರಿಂಟ್ ತೆಗೆದ ಹಾಳೆಗೂ ಇದೇ ಗತಿ. ನಾಡಕಚೇರಿಯ ಡಿಜಿಟಲ್ ಸಹಿಯ ಜಾತಿ ಪ್ರಮಾಣಪತ್ರವನ್ನು ಹಾಳೆಯಲ್ಲಿ ಪಡೆದವರು ಸಂಖ್ಯೆ ಹಾಕಿ ಜಾಲತಾಣದಲ್ಲೇ ಪರಿಶೀಲಿಸುವುದು ಅದಕ್ಕೇ. ಫೈಲಾಗಿಯೇ ಇದ್ದರೆ ಅಡೋಬಿಯ ಸಿಗ್ನೇಚರ್ ಪ್ಯಾನೆಲ್ ತೆರೆದು ನೋಡಬಹುದು. ಅಲ್ಲಿ ಹಳದಿ ಎಚ್ಚರಿಕೆ ಗುರುತು ಕಂಡರೆ ಸಹಿ ಕೆಟ್ಟಿದೆ ಎಂದಲ್ಲ, ಸಾಮಾನ್ಯವಾಗಿ ನಿಮ್ಮ ಕಂಪ್ಯೂಟರು `CCA India` ಮೂಲ ಪ್ರಮಾಣಪತ್ರವನ್ನು ಇನ್ನೂ ನಂಬಿಲ್ಲ ಎಂದರ್ಥ. ಕೆಂಪು ಗುರುತು ಕಂಡರೆ ಮಾತ್ರ ಕಳಿಸಿದವರಿಗೆ ಫೋನ್ ಮಾಡಿ, ಮೂಲ ಫೈಲನ್ನೇ ಇಮೇಲಿನಲ್ಲಿ ತರಿಸಿಕೊಳ್ಳಿ.