ಕೆರೆ ಶುದ್ಧಿಗೆ ನೀವೆಷ್ಟು ಕೊಡುತ್ತೀರಿ? ಒಂದು ಪ್ರಶ್ನೆಯ ಹಿನ್ನೆಲೆ

‘ಕುಕ್ಕರಹಳ್ಳಿ ಕೆರೆಯ ನೀರು ಶುದ್ಧವಾಗಲು ನಿಮ್ಮ ಮನೆಯಿಂದ ತಿಂಗಳಿಗೆ ಎಷ್ಟು ಕೊಡುತ್ತೀರಿ?’ ಮೈಸೂರಿನಲ್ಲಿ ಈ ಕೆರೆಯ ಬಳಿಯ ಸರಸ್ವತಿಪುರಂನ ಯಾವುದಾದರೂ ಮನೆ ಬಾಗಿಲಲ್ಲಿ ನಿಂತು ಹೀಗೆ ಕೇಳಿದರೆ, ‘ಬೇರೆಯವರು ಎಷ್ಟು ಹೇಳಿದರು?’ ಎಂಬ ಪ್ರಶ್ನೆಯೇ ಮೊದಲು ಎದುರಾಗುತ್ತದೆ. ಅದು ಸಹಜ. ಏರಿಯ ಮೇಲಿನ ಬೆಳಗಿನ ನಡಿಗೆಗೆ, ಹೆಜ್ಜಾರ್ಲೆ ನೀರಿಗಿಳಿಯುವ ನೋಟಕ್ಕೆ ಯಾವ ಅಂಗಡಿಯಲ್ಲೂ ಬೆಲೆ ಬರೆದಿಲ್ಲ.

ಇಂಥ ಬೆಲೆಯನ್ನು ಜನರನ್ನೇ ಕೇಳಿ ತಿಳಿಯುವ ಆಲೋಚನೆ 1947ರಲ್ಲಿ ಅಮೆರಿಕದಲ್ಲಿ ಹುಟ್ಟಿತು. 1989ರಲ್ಲಿ ಅಲಾಸ್ಕಾದ ಸಮುದ್ರದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ತೈಲ ಚೆಲ್ಲಿದ ಮೇಲೆ ಅದು ನ್ಯಾಯಾಲಯದ ಜಗಳಕ್ಕೂ ವಸ್ತುವಾಯಿತು. 1993ರಲ್ಲಿ ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ ಮತ್ತು ರಾಬರ್ಟ್ ಸೊಲೊ ಅವರ ಮುಂದಾಳತ್ವದ ಸಮಿತಿ ಈ ವಿಧಾನಕ್ಕೆ ಕಟ್ಟುನಿಟ್ಟಿನ ನಿಯಮಗಳನ್ನು ಸೂಚಿಸಿತು.

ಅದಕ್ಕೆ ಮುಂಚೆ ಹರಾಜಿನಂತೆ ಕೇಳುವ ರೂಢಿಯೂ ಇತ್ತು: ‘ಐವತ್ತು ಕೊಡುತ್ತೀರಾ? ಹಾಗಾದರೆ ಎಪ್ಪತ್ತು?’ ಇಲ್ಲಿ ಐವತ್ತರಿಂದ ಶುರುಮಾಡಿದರೆ ಉತ್ತರ ಅದರ ಸುತ್ತಲೇ ಸುಳಿಯುತ್ತದೆ. ಇನ್ನೂರರಿಂದ ಶುರುಮಾಡಿದರೆ ಅದೇ ಮನೆಯವರ ಉತ್ತರ ಮೇಲೇರುತ್ತದೆ. ಆದ್ದರಿಂದ ಸಮಿತಿ, ಒಂದೇ ಮೊತ್ತ ಹೇಳಿ ಮತ ಹಾಕಿಸುವಂತೆ ‘ಹೌದು’ ಅಥವಾ ‘ಇಲ್ಲ’ ಎಂದು ಕೇಳಬೇಕೆಂದಿತು. ಆ ಮೊತ್ತ ಮನೆಯಿಂದ ಮನೆಗೆ ಚೀಟಿ ಎತ್ತಿದಂತೆ ಬದಲಾಗುತ್ತದೆ. ಯಾವ ಮೊತ್ತಕ್ಕೆ ಎಷ್ಟು ಜನ ಒಪ್ಪಿದರು ಎಂಬುದರಿಂದ ಬೆಲೆ ಲೆಕ್ಕಕ್ಕೆ ಸಿಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಸೊನ್ನೆಯ ಉತ್ತರ. ನೂರು ಮನೆಗಳಿಗೆ ಎಷ್ಟು ಕೊಡುತ್ತೀರೆಂದೇ ನೇರವಾಗಿ ಕೇಳಿದೆವು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅರವತ್ತು ಮನೆಯವರು ಸರಾಸರಿ 50 ರೂಪಾಯಿ ಹೇಳಿದರು, ನಲವತ್ತು ಮನೆಯವರು ಸೊನ್ನೆ ಎಂದರು. ಒಟ್ಟು 3,000 ರೂಪಾಯಿ, ಸರಾಸರಿ 30. ಆದರೆ ‘ಏಕೆ ಬೇಡ?’ ಎಂದು ಕೇಳಿದಾಗ ಆ ನಲವತ್ತರಲ್ಲಿ ಇಪ್ಪತ್ತೈದು ಮನೆಯವರು, ‘ಕಂದಾಯ ಕಟ್ಟುತ್ತಿದ್ದೇವಲ್ಲ, ಕೊಳಚೆ ನೀರು ಬಿಟ್ಟವರು ನಿಲ್ಲಿಸಲಿ’ ಎಂದರೆ? ಅವರಿಗೆ ಕೆರೆ ಬೇಡವಾಗಿಲ್ಲ, ದುಡ್ಡು ಕೇಳಿದ ರೀತಿ ಸರಿಕಂಡಿಲ್ಲ. ಇದನ್ನು ಪ್ರತಿಭಟನೆಯ ಸೊನ್ನೆ ಎನ್ನುತ್ತಾರೆ. ಅವರನ್ನು ಬಿಟ್ಟು ಎಪ್ಪತ್ತೈದು ಮನೆಗಳಿಗೆ ಭಾಗಿಸಿದರೆ ಸರಾಸರಿ 40. ಎರಡು ಲಕ್ಷ ಮನೆಗಳಿಗೆ ಹರಡಿದರೆ ತಿಂಗಳಿಗೆ 20 ಲಕ್ಷ ರೂಪಾಯಿಯ ವ್ಯತ್ಯಾಸ!

ಬಿಡುವುದೂ ಪೂರ್ತಿ ಸರಿಯಲ್ಲ. ಬಿಟ್ಟವರೂ ಉಳಿದವರಷ್ಟೇ ಕೊಡುತ್ತಿದ್ದರೆಂದು ನಾವೇ ಊಹಿಸಿದಂತಾಗುತ್ತದೆ. ಹಣ ನೀರಿನ ಬಿಲ್ಲಿನಲ್ಲಿ ಸೇರುತ್ತದೆಯೋ, ಕೆರೆಯ ಹೆಸರಿನ ಪ್ರತ್ಯೇಕ ಖಾತೆಗೆ ಹೋಗುತ್ತದೆಯೋ ಎಂಬುದನ್ನು ಬದಲಾಯಿಸಿ ಕೇಳಿದರೆ ಇಂಥ ಸೊನ್ನೆಗಳ ಸಂಖ್ಯೆಯೂ ಬದಲಾಗಬಹುದು. ಆದ್ದರಿಂದ ವರದಿಯ ಕೊನೆಯ ಮೊತ್ತ ನೋಡುವ ಮೊದಲು ನಾನು ಎರಡು ಸಂಗತಿ ಹುಡುಕುತ್ತೇನೆ: ಸೊನ್ನೆ ಎಂದವರನ್ನು ಕಾರಣ ಕೇಳಿದ್ದಾರೆಯೇ, ಅವರನ್ನು ಸೇರಿಸಿಯೂ ಬಿಟ್ಟೂ ಎರಡು ಲೆಕ್ಕ ಕೊಟ್ಟಿದ್ದಾರೆಯೇ.