ಕೌದಿಯ ರೇಟು ಗುಣಿಸಿ ಅಲ್ಲ, ಭಾಗಿಸಿ ಹಾಕಿ

ಇಳಕಲ್ ಕಡೆಯ ಒಬ್ಬ ಅಕ್ಕ ಬಾಗಲಕೋಟೆಯ ನನ್ನ ಆಫೀಸಿಗೆ ಬಂದು ಕೂತರು. ಮಕ್ಕಳ ಕೌದಿ ಹೊಲಿದು ಆನ್‌ಲೈನ್‌ನಲ್ಲಿ ಮಾರುತ್ತಾರೆ. "ಸರ್, ಮಾಲ್ ಹೊಂಟೈತಿ, ರೊಕ್ಕ ಉಳೀವಲ್ದು" ಅಂದರು. ಆ ತಿಂಗಳು ಕಳಿಸಿದ್ದು 20 ಕೌದಿ.

ಅವರು ರೇಟು ಹಾಕಿದ್ದು ಹೀಗೆ. ಬಟ್ಟೆ, ದಾರಕ್ಕೆ 200 ರೂಪಾಯಿ. ಎರಡು ದಿನದ ಕೈಹೊಲಿಗೆಗೆ ದಿನಕ್ಕೆ 300ರಂತೆ 600. (ಕೂಲಿ ಹಿಡಿದಿದ್ದೇ ದೊಡ್ಡದು. ಮನೇಲಿ ಸುಮ್ನೆ ಕೂತು ಹೊಲಿಯೋದಕ್ಕೆ ಕೂಲಿ ಯಾಕೆ ಅನ್ನೋರೇ ಜಾಸ್ತಿ.) ಡಬ್ಬಿ, ಟೇಪು 50. ಕೊರಿಯರ್ 180. ಒಟ್ಟು 1,030. ಆನ್‌ಲೈನ್ ಕಂಪನಿಯ ಕಮಿಷನ್ 15%, ಅದರ ಮೇಲೆ 18% ಜಿಎಸ್‌ಟಿ. ಎರಡೂ ಸೇರಿ ಹತ್ತಿರ ಹತ್ತಿರ 18%. ಅವರಿಗೆ ಜಿಎಸ್‌ಟಿ ನಂಬರ್ ಇಲ್ಲದ್ದರಿಂದ ಆ ತೆರಿಗೆ ವಾಪಸ್ ಸಿಗೋದಿಲ್ಲ, ಅದೂ ಖರ್ಚೇ. 1,030ಕ್ಕೆ 18% ಸೇರಿಸಿದರು, ಸುಮಾರು 1,215 ಆಯ್ತು. ಲಾಭಕ್ಕೆ ನೂರು ಇಟ್ಟು, ಸ್ವಲ್ಪ ಏರಿಸಿ 1,320 ಅಂತ ಬರೆದರು.

ಎಡವಿದ್ದು ಇಲ್ಲೇ. ಕಮಿಷನ್ ನಿಮ್ಮ ಖರ್ಚಿನ ಮೇಲೆ ಬೀಳೋದಿಲ್ಲ, ಗಿರಾಕಿ ಕೊಡುವ ಬೆಲೆಯ ಮೇಲೆ ಬೀಳುತ್ತದೆ. 1,320ರ 18% ಅಂದರೆ 238. ಅದು ಹೋಗಿ ಉಳಿದದ್ದು 1,082. ಕೊರಿಯರ್, ಡಬ್ಬಿಯ 230 ಕಳೆದರೆ 852. ಅದರಲ್ಲಿ 800 ಬಟ್ಟೆ ಮತ್ತು ಕೂಲಿಯದು. ಲಾಭ 52 ರೂಪಾಯಿ.

ಆ 52 ಕೂಡ ಕೈಗೆ ಬರಲಿಲ್ಲ. 20ರಲ್ಲಿ 3 ಕೌದಿ ವಾಪಸ್ ಬಂದಿದ್ದವು. ವಾಪಸ್ ಆದಾಗ ಕಮಿಷನ್ ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ಕೊರಿಯರ್ ಎರಡು ಸಲ ಬೀಳುತ್ತದೆ. ಇವರಿಗೆ ಹೋಗೋಕೆ 180, ಬರೋಕೆ 180, ಹಾಳಾದ ಡಬ್ಬಿಗೆ 50. ಒಂದಕ್ಕೆ 410, ಮೂರಕ್ಕೆ 1,230. ಜೊತೆಗೆ ಒಂದು ಕೌದಿ ಕಲೆಯಾಗಿ ಬಂತು. ಅದನ್ನು ಊರಲ್ಲೇ 300ಕ್ಕೆ ಕೊಟ್ಟರು, ಅಲ್ಲಿ 500 ಹೋಯ್ತು. ಒಟ್ಟು 1,730. ಇದನ್ನು 20ರಿಂದ ಭಾಗಿಸಬಾರದು. ದುಡ್ಡು ತಂದಿದ್ದು 17 ಕೌದಿ ಮಾತ್ರ, ಹೊರೆ ಹೊರಬೇಕಾದದ್ದೂ ಅವೇ. ಒಂದಕ್ಕೆ 102 ರೂಪಾಯಿ. ಅಂದರೆ ಮಾರಿದ ಪ್ರತಿ ಕೌದಿಗೆ ಅಕ್ಕನ ಕೂಲಿಯಿಂದಲೇ 50 ರೂಪಾಯಿ ಕರಗಿತ್ತು.

ಎಲ್ಲ ಸೇರಿಸಿ, 150 ಲಾಭವನ್ನೂ ಇಟ್ಟು, ಸರಿಯಾದ ಬೆಲೆ ಹಾಕಿದರೆ 1,563 ಬರುತ್ತಿತ್ತು. "ಅಷ್ಟಕ್ಕ ಯಾರೂ ತಗೊಳ್ಳಂಗಿಲ್ರಿ" ಅಂದರು. ಅದೂ ನಿಜವೇ. ಹಾಗಾಗಿ ರೇಟು ಬಿಟ್ಟು ಡಬ್ಬಿ ನೋಡಿದೆವು.

ಕೌದಿ ತೂಗಿದರೆ 1.4 ಕಿಲೋ. ಆದರೆ ಕೊರಿಯರ್‌ನವರು ಪಾರ್ಸಲ್ ತುಂಬುವ ಜಾಗವನ್ನೂ ತೂಕ ಅಂತ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು. ಇವರ ಡಬ್ಬಿ 35, 30, 15. ಅಂದರೆ 3.15 ಕಿಲೋ. ಅರ್ಧ ಡಬ್ಬಿ ಬರೀ ಗಾಳಿ! ಕೌದಿ ಒಡೆಯುವ ಸಾಮಾನಲ್ಲ, ಡಬ್ಬಿ ಯಾಕೆ ಬೇಕು? ಬಿಗಿಯಾಗಿ ಮಡಚಿ, ಒಳಗೊಂದು ಪ್ಲಾಸ್ಟಿಕ್ ಚೀಲ, ಹೊರಗೆ ಗಟ್ಟಿ ಕೊರಿಯರ್ ಕವರು ಹಾಕಿದಾಗ ಎತ್ತರ 8ಕ್ಕೆ ಇಳಿಯಿತು. ಲೆಕ್ಕದ ತೂಕ 1.68 ಕಿಲೋ. ಕೊರಿಯರ್ 110 ಆಯ್ತು, ಪ್ಯಾಕಿಂಗ್ 30.

ವಾಪಸಿನ ಹೊರೆಯೂ ತಾನೇ 74ಕ್ಕೆ ಇಳಿಯಿತು. ಈಗ 800, 30, 110, 74, ಲಾಭ 150 ಕೂಡಿಸಿದರೆ 1,164. ನೂರರಲ್ಲಿ 18 ಕಮಿಷನ್‌ಗೆ ಹೋದರೆ ನಮಗೆ ಉಳಿಯೋದು 82. ಹಾಗಾಗಿ 1,164ನ್ನು 0.82ರಿಂದ ಭಾಗಿಸಬೇಕು. ಬಂದದ್ದು 1,420. ಹಳೆ ಬೆಲೆಗಿಂತ ನೂರೇ ಜಾಸ್ತಿ.

ಮೂರೂ ವಾಪಸ್ ಬಂದ ಕಾರಣವನ್ನೂ ಓದಿದೆವು. ಎರಡರಲ್ಲಿ "ಫೋಟೋದಲ್ಲಿದ್ದ ಬಣ್ಣ ಇದಲ್ಲ" ಅಂತಿತ್ತು. ಒಂದು ಕೌದಿಯ ತುಂಡುಗಳು ಇನ್ನೊಂದರಲ್ಲಿ ಇರೋದಿಲ್ಲ, ಆದರೆ ಅಕ್ಕ ಒಂದೇ ಫೋಟೋಗೆ ಇಪ್ಪತ್ತನ್ನೂ ಕಳಿಸಿದ್ದರು. ಈಗ ಪ್ರತಿ ಕೌದಿಗೂ ಬೇರೆ ಫೋಟೋ, ಬೇರೆ ನಂಬರು. ಇಪ್ಪತ್ತೇ ಪಾರ್ಸಲ್ ನೋಡಿ ವಾಪಸಿನ ಲೆಕ್ಕ ಗಟ್ಟಿ ಅನ್ನೋಕಾಗೋದಿಲ್ಲ. ಮೂರು ತಿಂಗಳಿಗೊಮ್ಮೆ ಮತ್ತೆ ಹಾಕಲು ಹೇಳಿದ್ದೇನೆ.

ದೀಪಾವಳಿಗೆ ಫೋನ್ ಬಂತು. "ಸೇಲ್‌ನ್ಯಾಗ 10% ಬಿಡ್ರಿ ಅಂತ ಮೆಸೇಜ್ ಬಂದೈತಿ, ಬಿಡ್ಲ್ಯಾ?" 1,420ರಲ್ಲಿ 10% ಬಿಟ್ಟರೆ 1,278. ಅದರಲ್ಲಿ ಕಮಿಷನ್ 230, ಕೊರಿಯರ್, ಪ್ಯಾಕಿಂಗ್, ವಾಪಸಿನ ಹೊರೆ 214. ಬಟ್ಟೆ ಮತ್ತು ಕೂಲಿಯ 800 ತೆಗೆದರೆ ಉಳಿಯೋದು 34. ಬೆಲೆ ಹತ್ತನೇ ಒಂದು ಭಾಗ ಇಳಿದರೆ ಲಾಭ 150ರಿಂದ 34ಕ್ಕೆ ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಕಲೆ ಆದದ್ದು, ಸಣ್ಣ ಅಳತೀದು ನಾಕು ಅದಾವು, ಅವನಷ್ಟ ಸೇಲ್‌ಗೆ ಹಾಕ್ತೀನ್ರಿ" ಅಂದರು. ಕಲೆ ಇರೋದನ್ನ ಫೋಟೋದಲ್ಲೇ ತೋರಿಸಿ ಅಂದೆ.