ಅರ್ಧದಲ್ಲೇ ಬಿಟ್ಟುಹೋದ ರೋಗಿಗಳ ಬಗ್ಗೆ ವಿಮರ್ಶಕರು ಕೇಳಿದಾಗ ಏನು ಬರೆಯಬೇಕು?

ಪ್ರಶ್ನೆ: ಓಲಾಂಜಪಿನ್ ಆರಂಭಿಸಿದ 60 ರೋಗಿಗಳ ತೂಕವನ್ನು 12 ವಾರ ಗಮನಿಸಿ ಬರೆದ ನಮ್ಮ ಲೇಖನ ಪರಿಷ್ಕರಣೆಗೆಂದು ಮರಳಿ ಬಂದಿದೆ. ಕೊನೆಯವರೆಗೆ ಬಂದವರು 44 ಮಂದಿ. ಅವರಲ್ಲಿ 22 ಮಂದಿಯ ತೂಕ ಶೇ. 7 ಅಥವಾ ಅದಕ್ಕಿಂತ ಹೆಚ್ಚು ಏರಿತ್ತು. ಬಿಟ್ಟುಹೋದ 16 ಮಂದಿಯಲ್ಲಿ 11 ಮಂದಿಯ ನಾಲ್ಕನೇ ವಾರದ ತೂಕ ಮಾತ್ರ ನಮ್ಮಲ್ಲಿದೆ. ಈ 16 ಮಂದಿಯನ್ನು ಕೈಬಿಟ್ಟದ್ದು ಸರಿಯಲ್ಲವೆಂದು ಎರಡನೇ ವಿಮರ್ಶಕರು ಆಕ್ಷೇಪಿಸಿದ್ದಾರೆ. ಅಧ್ಯಯನದ ಮಿತಿಗಳ ಭಾಗದಲ್ಲಿ ಒಂದು ವಾಕ್ಯ ಸೇರಿಸಿದರೆ ಸಾಕೇ? ಕವರ್ ಲೆಟರ್‌ನಲ್ಲಿ ಇದನ್ನು ಹೇಳಬೇಕೇ?
– ಮನೋವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ, ಉಡುಪಿ

ಉತ್ತರ: ಒಂದು ವಾಕ್ಯ ಸಾಲದು. ಈ ಆಕ್ಷೇಪ ನಿಮ್ಮ ಲೇಖನದ ಮುಖ್ಯ ಅಂಕಿಯನ್ನೇ ತಟ್ಟುತ್ತದೆ. ನೀವು ಹೇಳುವ ಶೇ. 50 ಎಂಬುದು ಕೊನೆಯವರೆಗೆ ಬಂದವರ ಲೆಕ್ಕವೇ ಹೊರತು ಔಷಧ ಆರಂಭಿಸಿದವರ ಲೆಕ್ಕವಲ್ಲ. ಬಿಟ್ಟುಹೋದ ಯಾರಿಗೂ ಅಷ್ಟು ತೂಕ ಏರಿರಲಿಲ್ಲವೆಂದು ಭಾವಿಸಿದರೆ 60ರಲ್ಲಿ 22, ಅಂದರೆ ಸುಮಾರು ಶೇ. 37 ಆಗುತ್ತದೆ, ಎಲ್ಲರಿಗೂ ಏರಿತ್ತೆಂದು ಭಾವಿಸಿದರೆ 60ರಲ್ಲಿ 38, ಅಂದರೆ ಸುಮಾರು ಶೇ. 63. ನಿಜವಾದ ಅಂಕಿ ಈ ಎರಡರ ನಡುವೆ ಎಲ್ಲೋ ಇದೆ. ವಿಮರ್ಶಕರಿಗೆ ಕೊಡುವ ಉತ್ತರವನ್ನು ಈ ಎರಡು ಅಂಕಿಗಳಿಂದಲೇ ಆರಂಭಿಸಿ.

ಇಲ್ಲಿ ಹಲವರು ಹಿಡಿಯುವ ಸುಲಭದ ದಾರಿಯೆಂದರೆ ರೋಗಿಯ ಕೊನೆಯ ಬಾರಿ ದಾಖಲಾದ ತೂಕವನ್ನೇ ಹನ್ನೆರಡನೇ ವಾರದ ತೂಕವೆಂದು ತುಂಬಿಬಿಡುವುದು. ಓಲಾಂಜಪಿನ್ ವಿಷಯದಲ್ಲಿ ಇದು ತಪ್ಪು ದಿಕ್ಕಿಗೆ ಒಯ್ಯುತ್ತದೆ. ಮೊದಲ ತಿಂಗಳುಗಳಲ್ಲಿ ತೂಕ ಏರುತ್ತಲೇ ಇರುವುದರಿಂದ ನಾಲ್ಕನೇ ವಾರದ ತೂಕವನ್ನು ಮುಂದಕ್ಕೆ ಎಳೆದರೆ ಮುಂದಿನ ಎಂಟು ವಾರಗಳ ಏರಿಕೆ ಕಾಣದೆ ಹೋಗುತ್ತದೆ. ಮೊದಲ ದಿನದ ನಂತರ ಬಾರದ ಐದು ಮಂದಿಗಂತೂ ಏರಿಕೆ ಸೊನ್ನೆಯೆಂದು ಬರೆದಂತಾಗುತ್ತದೆ. ಇದನ್ನು ಎಚ್ಚರಿಕೆಯ ವಿಧಾನವೆಂದು ಸಮರ್ಥಿಸುವವರಿದ್ದಾರೆ, ಆದರೆ ಅಡ್ಡಪರಿಣಾಮವನ್ನು ಕಡಿಮೆ ತೋರಿಸುವುದನ್ನು ಎಚ್ಚರಿಕೆ ಎನ್ನಲಾಗದು. ಇದರ ಬದಲು ಪ್ರತಿ ರೋಗಿಯ ದಾಖಲಾದ ಎಲ್ಲ ತೂಕಗಳನ್ನೂ ಬಳಸುವ ಮಿಶ್ರ ಮಾದರಿಯಲ್ಲಿ ವಿಶ್ಲೇಷಿಸುವಂತೆ ನಿಮ್ಮ ಸಂಖ್ಯಾಶಾಸ್ತ್ರಜ್ಞರನ್ನು ಕೇಳಿ. ಆಗ ಆ 11 ಮಂದಿಯ ಮಾಹಿತಿ ವ್ಯರ್ಥವಾಗುವುದಿಲ್ಲ.

ಆ ಮಾದರಿಗೂ ಒಂದು ನಂಬಿಕೆಯ ಆಧಾರ ಬೇಕು: ರೋಗಿ ಬಿಟ್ಟುಹೋದ ಕಾರಣ, ಈಗಾಗಲೇ ದಾಖಲಾಗಿರುವ ಮಾಹಿತಿಯಲ್ಲೇ ಕಾಣುವಂಥದ್ದಾಗಿರಬೇಕು. ಆದ್ದರಿಂದ ಹೊರರೋಗಿ ವಿಭಾಗದ ಕಡತಗಳನ್ನು ಮತ್ತೆ ತೆರೆದು 16 ಮಂದಿಯ ಕಾರಣಗಳನ್ನು ಬೇರ್ಪಡಿಸಿ. ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಮಲ್ಪೆಯಿಂದ ಬೋಟು ಹತ್ತಿದ ಕಾರಣಕ್ಕೆ ಬಾರದವನಿಗೂ, ಹೊಟ್ಟೆ ಬಂತೆಂದು ಮಾತ್ರೆಯನ್ನೇ ನಿಲ್ಲಿಸಿ ಬಾರದವಳಿಗೂ ಬಹಳ ವ್ಯತ್ಯಾಸವಿದೆ. ಎರಡನೇ ಬಗೆಯವರು ನಾಲ್ಕಾರು ಮಂದಿ ಇದ್ದರೂ ನಿಮ್ಮ ಶೇ. 50 ಕಡಿಮೆಯ ಅಂದಾಜಾಗಿರುವ ಸಾಧ್ಯತೆಯಿದೆ. ಬಿಟ್ಟುಹೋದ 11 ಮಂದಿಯ ನಾಲ್ಕನೇ ವಾರದ ಸರಾಸರಿ ಏರಿಕೆಯನ್ನು ಉಳಿದ 44 ಮಂದಿಯ ಅದೇ ವಾರದ ಏರಿಕೆಯ ಪಕ್ಕದಲ್ಲಿಟ್ಟು ತೋರಿಸಿ. ಇಷ್ಟು ಸಣ್ಣ ಗುಂಪಿನಲ್ಲಿ ಪಿ ಮೌಲ್ಯ 0.05ಕ್ಕಿಂತ ಹೆಚ್ಚು ಬಂದ ಮಾತ್ರಕ್ಕೆ ವ್ಯತ್ಯಾಸವಿಲ್ಲವೆಂದು ಬರೆಯಬೇಡಿ. ಚುರುಕಾದ ವಿಮರ್ಶಕರು ಮೊದಲು ಹಿಡಿಯುವುದು ಅದನ್ನೇ.

ಉತ್ತರದ ಪತ್ರದಲ್ಲಿ ವಿಮರ್ಶಕರ ಮಾತನ್ನು ಪೂರ್ಣವಾಗಿ ಉದ್ಧರಿಸಿ, ಅದರ ಕೆಳಗೆ ಹೀಗೆ ಬರೆಯಬಹುದು: “ಈ ಆಕ್ಷೇಪವನ್ನು ಒಪ್ಪುತ್ತೇವೆ. ಈಗ 60 ಮಂದಿಯ ದಾಖಲಾದ ಎಲ್ಲ ತೂಕಗಳನ್ನೂ ಬಳಸಿ ವಿಶ್ಲೇಷಿಸಿದ್ದೇವೆ. ಶೇ. 7 ಏರಿಕೆ ಕಂಡವರ ಪ್ರಮಾಣ, ಬಿಟ್ಟುಹೋದವರ ಬಗೆಗಿನ ಎರಡು ತುದಿಯ ಊಹೆಗಳಲ್ಲಿ ಶೇ. 37ರಿಂದ 63ರವರೆಗೆ ಇರುತ್ತದೆ. ಬಿಟ್ಟುಹೋದ ಕಾರಣಗಳನ್ನು ಹೊಸ ಕೋಷ್ಟಕದಲ್ಲಿ ಕೊಟ್ಟಿದ್ದೇವೆ.” ಇದರ ಮುಂದೆ ಬದಲಾದ ವಾಕ್ಯಗಳನ್ನು ಪುಟ ಮತ್ತು ಸಾಲಿನ ಸಂಖ್ಯೆಯೊಡನೆ ಅಂಟಿಸಿ. ಧನ್ಯವಾದ ಒಮ್ಮೆ ಹೇಳಿದರೆ ಸಾಕು, ಪ್ರತಿ ಅಂಶಕ್ಕೂ ಬೇಡ.

ವಿಮರ್ಶಕರು ಕೇಳಿದ್ದನ್ನೆಲ್ಲ ಒಪ್ಪಲೇಬೇಕೆಂದಿಲ್ಲ. ಉದಾಹರಣೆಗೆ, ಸ್ಥೂಲಕಾಯಕ್ಕೆ ಬಿಎಂಐ 30ನ್ನೇ ಗಡಿಯಾಗಿಡಿ ಎಂದರೆ, ಭಾರತೀಯರಿಗೆ 25ರ ಗಡಿಯನ್ನು ಬಳಸುವ ಕಾರಣವನ್ನು ವಿವರಿಸಿ, ಎರಡೂ ಗಡಿಗಳ ಎಣಿಕೆಯನ್ನು ಕೊಟ್ಟರೆ ವಾದ ಬೆಳೆಯುವುದಿಲ್ಲ. ಮುಗಿದ ಅಧ್ಯಯನಕ್ಕೆ ಹೋಲಿಕೆಯ ಗುಂಪು ಬೇಕೆಂದು ಕೇಳಿದರೆ ಅದು ಸಾಧ್ಯವಿಲ್ಲವೆಂದು ನೇರವಾಗಿ ಹೇಳಿ, ಓಲಾಂಜಪಿನ್‌ನಿಂದಲೇ ತೂಕ ಏರಿತು ಎಂಬ ಅರ್ಥದ ವಾಕ್ಯಗಳನ್ನು ಓಲಾಂಜಪಿನ್ ಆರಂಭಿಸಿದ ನಂತರ ತೂಕ ಏರಿತು ಎಂದು ತಿದ್ದಿ. ಕಾಯಿಲೆಯ ದಿನಗಳಲ್ಲಿ ಊಟ ಬಿಟ್ಟು ಬಡಕಲಾದವರು ಚೇತರಿಸಿಕೊಂಡಾಗ ಒಂದಿಷ್ಟು ತೂಕ ಮರಳಿ ಬರುತ್ತದೆ. ಹೋಲಿಕೆಯ ಗುಂಪಿಲ್ಲದೆ ಅದನ್ನು ಔಷಧದ ಪರಿಣಾಮದಿಂದ ಬೇರ್ಪಡಿಸಲು ನಿಮಗೆ ದಾರಿಯಿಲ್ಲ.

ಕವರ್ ಲೆಟರ್ ಸಂಪಾದಕರಿಗೆ ಬರೆಯುವ ಪತ್ರವಾದ್ದರಿಂದ ಒಂದು ಪುಟ ಮೀರಬಾರದು. ಲೇಖನದ ಸಂಖ್ಯೆ, ಶೀರ್ಷಿಕೆ, ಎಲ್ಲ ಲೇಖಕರೂ ಪರಿಷ್ಕೃತ ಪ್ರತಿಯನ್ನು ಒಪ್ಪಿದ್ದಾರೆಂಬ ಮಾತು, ಇವುಗಳ ಜೊತೆಗೆ ವಿಶ್ಲೇಷಣೆಯ ವಿಧಾನವೂ ಮುಖ್ಯ ಅಂಕಿಯೂ ಬದಲಾಗಿವೆ ಎಂಬುದನ್ನು ಅಲ್ಲಿ ಸ್ಪಷ್ಟವಾಗಿ ಹೇಳಲೇಬೇಕು. ಕಳುಹಿಸುವ ಮೊದಲು ಕಡತದಲ್ಲಿ “50” ಎಂದು ಹುಡುಕಿ ನೋಡಿ. ಅದು ಸಾರಾಂಶದಲ್ಲಾಗಲಿ ಚರ್ಚೆಯ ಕೊನೆಯ ಪ್ಯಾರಾದಲ್ಲಾಗಲಿ 44 ಮಂದಿಯ ಲೆಕ್ಕವೆಂಬ ಸೂಚನೆಯಿಲ್ಲದೆ ಹಳೆಯ ರೂಪದಲ್ಲೇ ಉಳಿದಿದ್ದರೆ, ಎರಡನೇ ವಿಮರ್ಶಕರು ಅದೇ ಆಕ್ಷೇಪವನ್ನು ಮತ್ತೆ ಬರೆಯುತ್ತಾರೆ.